ಆವರ್ತ ದಶಮಾಂಶ: ಕಳೆಯುವ ಮುಂಚೆ ಬಾಲ ನೋಡಿ

ಒಂಬತ್ತನೇ ಕ್ಲಾಸಿನ ಮಕ್ಕಳ ವರ್ಕ್‌ಶೀಟ್ ನೋಡುತ್ತಿರುತ್ತೇನೆ. 0.777… ಕೊಟ್ಟು ಭಿನ್ನರಾಶಿಯಾಗಿ ಬರೆಯಿರಿ ಎಂದರೆ ಕಣ್ಣು ಮುಚ್ಚಿ 7/9 ಬರೆಯುತ್ತಾರೆ. ಅದು ಸರಿಯೇ. ಎಡವುವುದು 0.2363636… ಥರದ ಲೆಕ್ಕದಲ್ಲಿ. ಇಲ್ಲಿ 2 ಒಂದೇ ಸಲ ಬರುತ್ತದೆ, ಆಮೇಲೆ 36 ಮಾತ್ರ ಮರಳಿ ಮರಳಿ ಬರುತ್ತದೆ.

ಮೊದಲು ಸಂಖ್ಯೆಯನ್ನು ಏಳೆಂಟು ಅಂಕಿ ಬರುವಷ್ಟು ಬಿಡಿಸಿ ಬರೆದುಕೊಳ್ಳಿ. ಜೆರಾಕ್ಸ್ ಮಾಡಿದ ಹಾಳೆಯಲ್ಲಿ, ಮರಳಿ ಬರುವ ಅಂಕಿಗಳ ತಲೆ ಮೇಲೆ ಎಳೆದ ಗೆರೆ ಮಾಸಿರುತ್ತದೆ. ಅದು ಎರಡು ಅಂಕಿಯ ಮೇಲಿದೆಯೋ ಮೂರರ ಮೇಲಿದೆಯೋ ಗೊತ್ತಾಗುವುದಿಲ್ಲ. ಅನುಮಾನವಿದ್ದರೆ ಟೀಚರ್‌ನ ಕೇಳಿ, ಊಹೆ ಬೇಡ.

ಈಗ x = 0.2363636… ಎಂದು ಇಟ್ಟುಕೊಳ್ಳಿ. ಹೆಚ್ಚಿನವರು ಇಲ್ಲಿ ನೇರವಾಗಿ 1000x ಬರೆದು ಅದರಿಂದ x ಕಳೆಯುತ್ತಾರೆ. ಆಗ ಬಿಂದುವಿನ ಆಚೆ ಒಂದರಲ್ಲಿ 3636…, ಇನ್ನೊಂದರಲ್ಲಿ 23636… ಇರುತ್ತದೆ. ಬಾಲ ಬೇರೆ ಬೇರೆ ಇದ್ದರೆ ಕಳೆದಾಗ ಹೋಗುತ್ತದಾ? 236.12727… ಎಂದು ಹೊಸ ಬಾಲ ಹುಟ್ಟುತ್ತದೆ, ಅಷ್ಟೇ.

ಮಾಡಬೇಕಾದ್ದು ಹೀಗೆ. ಒಂಟಿ 2 ಬಿಂದುವನ್ನು ದಾಟುವಂತೆ ಹತ್ತರಿಂದ ಗುಣಿಸಿ. ಆಮೇಲೆ ಒಂದು ಸುತ್ತು 36 ಕೂಡ ದಾಟುವಂತೆ ಇನ್ನೂ ನೂರರಿಂದ ಗುಣಿಸಿ.

10x = 2.363636…
1000x = 236.363636…

ಎರಡನ್ನೂ ಬಿಂದುವಿನ ಕೆಳಗೆ ಬಿಂದು ಬರುವಂತೆ ಬರೆಯಿರಿ. ಬಾಲ ಒಂದೇ ಆಗಿದೆ ಅಲ್ವಾ? ಈಗ ಕಳೆಯಿರಿ: 990x = 234. ಅಂಶ, ಛೇದ ಎರಡನ್ನೂ 18ರಿಂದ ಭಾಗಿಸಿದರೆ x = 13/55.

ಟ್ಯೂಷನ್‌ನಲ್ಲಿ ಇದಕ್ಕೊಂದು ಶಾರ್ಟ್‌ಕಟ್ ಹೇಳಿಕೊಡುತ್ತಾರೆ. ಆವರ್ತಿಸುವ ಅಂಕಿಗೊಂದು 9, ಆವರ್ತಿಸದ ಅಂಕಿಗೊಂದು 0, ಅಂದರೆ (236 − 2)/990. ಉತ್ತರ ಸರಿಯೇ ಬರುತ್ತದೆ. ಆದರೆ 2 ಕಳೆಯುವುದನ್ನು ಮರೆಯುವವರೇ ಜಾಸ್ತಿ. ಕಳೆಯುವ ದಾರಿ ಕೈಗೆ ಹತ್ತುವವರೆಗೆ ಇದನ್ನು ಮುಟ್ಟಬೇಡಿ.

ತಾಳೆ ನೋಡಲು ಕ್ಯಾಲ್ಕುಲೇಟರ್ ಸಾಲದು. ಎಂಟಂಕಿಯ ಅಗ್ಗದ ಯಂತ್ರ 0.2363636 ತೋರಿಸಿ ನಿಲ್ಲುತ್ತದೆ. ಮುಂದೆ ಏನಿದೆ ಎಂದು ಅದು ಹೇಳುವುದಿಲ್ಲ. ಕೈಯಲ್ಲೇ 13ನ್ನು 55ರಿಂದ ಭಾಗಿಸಿ, ಪ್ರತಿ ಶೇಷಕ್ಕೂ ಸುತ್ತು ಹಾಕುತ್ತಾ ಹೋಗಿ. ಚೌಕಳಿ ಪುಸ್ತಕವಾದರೆ ಅಂಕಿಗಳು ಸಾಲು ತಪ್ಪುವುದಿಲ್ಲ.

130ರಲ್ಲಿ 55 ಎರಡು ಸಲ, ಶೇಷ 20. 200ರಲ್ಲಿ ಮೂರು ಸಲ, ಶೇಷ 35. 350ರಲ್ಲಿ ಆರು ಸಲ, ಶೇಷ ಮತ್ತೆ 20. ಇಲ್ಲಿಗೆ ನಿಲ್ಲಿಸಬಹುದು. 20 ಮರಳಿ ಬಂತೆಂದರೆ ಮುಂದೆ 3, 6 ಬಿಟ್ಟು ಬೇರೇನೂ ಬರುವಂತಿಲ್ಲ. ಮೊದಲ ಶೇಷವಾದ 20ಕ್ಕಿಂತ ಮುಂಚೆ ಬಂದ 2 ಮಾತ್ರ ಸುತ್ತಿನಿಂದ ಹೊರಗೆ.

ಗೆರೆ ತಪ್ಪಾಗಿ ಓದಿ 236/999 ಬರೆದವರೂ ಇದನ್ನೇ ಮಾಡಿ ನೋಡಲಿ. 2, 3, 6 ಬರೆಯುವಷ್ಟರಲ್ಲಿ ಶೇಷ ಪುನಃ 236 ಆಗುತ್ತದೆ. ಅಂದರೆ ಅದು 0.236236…, ಕೇಳಿದ ಸಂಖ್ಯೆಯೇ ಅಲ್ಲ.