ಮಸುಕಾದ ಒಂದು ಅಂಕಿ, 3:4ರ ಅಕ್ಕಿ

ಆಷಾಢದ ಮಳೆಗೆ ಸೋಮವಾರಪೇಟೆಯಲ್ಲಿ ಎರಡು ದಿನದಿಂದ ಕರೆಂಟ್ ಇರಲಿಲ್ಲ. ನನ್ನ ಸಂಜೆ ತರಗತಿಗೆ ಶನಿವಾರಸಂತೆ ಕಡೆಯಿಂದ ಬರುವ ಹುಡುಗಿಯೊಬ್ಬಳು ಅವತ್ತು ಬಸ್ ಸಿಗದೆ ಮನೆಯಲ್ಲೇ ಉಳಿದಿದ್ದಳು. ರಾತ್ರಿ ಎಂಟರ ಹೊತ್ತಿಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ಗೆಳತಿಯ ಪುಸ್ತಕದ ಒಂದು ಪುಟ, ಎಮರ್ಜೆನ್ಸಿ ಲೈಟಿನ ಬೆಳಕಲ್ಲಿ ತೆಗೆದದ್ದು. ಮೊಬೈಲಿನದೇ ನೆರಳು ಪುಟದ ಅರ್ಧಕ್ಕೆ ಬಿದ್ದಿತ್ತು. ಹೊಲಿಗೆಯ ಕಡೆ ಹಾಳೆ ಒಳಕ್ಕೆ ಬಾಗಿ ಅಕ್ಷರಗಳು ಒಂದಕ್ಕೊಂದು ಒತ್ತಿಕೊಂಡಿದ್ದವು.

ಲೆಕ್ಕ ಹೀಗಿತ್ತು: ಕೆ.ಜಿ.ಗೆ 42 ರೂಪಾಯಿಯ ಅಕ್ಕಿ ಮತ್ತು ಕೆ.ಜಿ.ಗೆ ಐವತ್ತೆಷ್ಟೋ ರೂಪಾಯಿಯ ಅಕ್ಕಿಯನ್ನು ಯಾವ ಅನುಪಾತದಲ್ಲಿ ಬೆರೆಸಿ, ಆ ಮಿಶ್ರಣವನ್ನು ಕೆ.ಜಿ.ಗೆ 55 ರೂಪಾಯಿಯಂತೆ ಮಾರಿದರೆ ಶೇ. 10 ಲಾಭ ಬರುತ್ತದೆ? ಆಯ್ಕೆಗಳು 4:3, 3:4, 2:3, 3:2. ಎರಡನೇ ಅಕ್ಕಿಯ ಬೆಲೆ ಹೊಲಿಗೆಯ ಮಡಿಕೆಯಲ್ಲೇ ಸಿಕ್ಕಿಕೊಂಡಿತ್ತು. 5 ಕಾಣುತ್ತದೆ, ಪಕ್ಕದ್ದು 3 ಇರಬಹುದು, 6 ಇರಬಹುದು, 8 ಕೂಡ ಇರಬಹುದು.

ಫೋಟೋದ ಕೆಳಗೇ ಅವಳು ಬರೆದಿದ್ದಳು: "ಅಕ್ಕಾ, ಮೂರೂ ಹಾಕಿ ನೋಡಿದೆ. ಯಾವುದಕ್ಕೂ ಉತ್ತರ ಆಯ್ಕೆಯಲ್ಲಿಲ್ಲ. ಪುಸ್ತಕದಲ್ಲೇ ತಪ್ಪಿರಬೇಕು."

ಪುಸ್ತಕ ತಪ್ಪು ಅನ್ನುವ ತೀರ್ಮಾನಕ್ಕೆ ನಾನು ಕೊನೆಗೆ ಬರುತ್ತೇನೆ. ಮೊದಲು ಅವಳು ಮಾಡಿದ ಲೆಕ್ಕದ ಹಾಳೆಯ ಫೋಟೋ ಕಳಿಸಲು ಹೇಳಿದೆ. ಬಂತು. 55ರಲ್ಲಿ ಶೇ. 10 ಅಂದರೆ 5.50 ಕಳೆದು, ಮಿಶ್ರಣದ ಅಸಲು 49.50 ಎಂದು ಹಿಡಿದಿದ್ದಳು. 56 ಹಾಕಿದಾಗ 13:15, 58 ಹಾಕಿದಾಗ 17:15, 53 ಹಾಕಿದಾಗ 7:15. ಕಳೆಯುವುದು, ಭಾಗಿಸುವುದು ಎಲ್ಲವೂ ಸರಿ. ಎಡವಿದ್ದು ಮೊದಲ ಸಾಲಿನಲ್ಲೇ. ಆಯ್ಕೆಗಳೆಲ್ಲ 4:3, 2:3 ಥರದ ಸಣ್ಣ ಅಂಕಿಗಳಾಗಿದ್ದು ನಮ್ಮ ಕೈಗೆ 13:15 ಬಂದರೆ, ಅಸಲು ಬೆಲೆ ತೆಗೆದ ಸಾಲನ್ನು ಮೊದಲು ನೋಡಬೇಕು. ಈ ಬಗೆಯ ಲೆಕ್ಕದಲ್ಲಿ ಹತ್ತರಲ್ಲಿ ಎಂಟು ಸಲ ರೋಗ ಅಲ್ಲೇ ಇರುವುದನ್ನು ನನ್ನ ವಿದ್ಯಾರ್ಥಿಗಳ ಹಾಳೆಗಳಲ್ಲಿ ಕಂಡಿದ್ದೇನೆ.

ಲಾಭದ ಶೇಕಡಾವಾರನ್ನು ಬೇರೆ ಏನೂ ಹೇಳದಿದ್ದರೆ ಕೊಂಡ ಬೆಲೆಯ ಮೇಲೆ ಹಿಡಿಯುತ್ತಾರೆ, ಮಾರಿದ ಬೆಲೆಯ ಮೇಲಲ್ಲ. ಇದನ್ನು ಅವಳಿಗೆ ಫೋನಿನಲ್ಲಿ ತ್ರೈರಾಶಿಯಾಗಿ ಹೇಳಿದೆ. "100 ರೂಪಾಯಿ ಹಾಕಿದವನಿಗೆ 110 ಬರುತ್ತೆ, ಅಲ್ವಾ? 110 ಬಂದಾಗ ಹಾಕಿದ್ದು 100 ಆದರೆ, 55 ಬಂದಾಗ ಹಾಕಿದ್ದೆಷ್ಟು?" ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಕೇಳಿಸಿತು. ಆಮೇಲೆ, "ಐವತ್ತು ಅಕ್ಕಾ." ಐವತ್ತಕ್ಕೆ ಐದು ಸೇರಿದರೆ ಐವತ್ತೈದು, ಅದು ಸರಿಯಾಗಿ ಶೇ. 10. ಅವಳ 49.50ಕ್ಕೆ ಶೇ. 10 ಸೇರಿಸಿದರೆ ಬರುವುದು 54.45. ಇಷ್ಟನ್ನು ತಿರುಗಿಸಿ ನೋಡಿದ್ದರೆ ತಪ್ಪು ಅಲ್ಲೇ ಸಿಗುತ್ತಿತ್ತು.

ಇನ್ನು ಮಸುಕಾದ ಅಂಕಿ. 50 ಗೊತ್ತಾದ ಮೇಲೆ ಅದನ್ನು ಫೋಟೋ ಹಿಗ್ಗಿಸಿ ಹುಡುಕಬೇಕಾಗಿಲ್ಲ. 42ರ ಅಕ್ಕಿ 50ಕ್ಕಿಂತ 8 ಕಡಿಮೆ. ದುಬಾರಿ ಅಕ್ಕಿ 50ಕ್ಕಿಂತ ಎಷ್ಟು ಹೆಚ್ಚೋ ಅದು ಅನುಪಾತದ ಮೊದಲ ಭಾಗ, 8 ಎರಡನೇ ಭಾಗ. ಬೆಲೆ 53 ಆದರೆ 3:8, 58 ಆದರೆ 8:8 ಅಂದರೆ ಸಮಪಾಲು, 56 ಆದರೆ 6:8 ಅಂದರೆ 3:4. ಆಯ್ಕೆಯಲ್ಲಿರುವುದು 3:4 ಮಾತ್ರ. ಉಳಿದ ಆಯ್ಕೆಗಳನ್ನು ಹಿಂದಿನಿಂದಲೂ ಪರೀಕ್ಷಿಸಿದೆವು. 3:2 ಬರಬೇಕಾದರೆ ದುಬಾರಿ ಅಕ್ಕಿ 62 ರೂಪಾಯಿ ಆಗಬೇಕು, ಆದರೆ ಫೋಟೋದಲ್ಲಿ 5 ನಿಚ್ಚಳವಾಗಿದೆ. 4:3, 2:3 ಎರಡಕ್ಕೂ ಬೆಲೆ ಪೂರ್ಣ ರೂಪಾಯಿಯಲ್ಲಿ ಬರುವುದೇ ಇಲ್ಲ. ಹಾಗಾಗಿ ಅದು 56. ಆಯ್ಕೆಗಳಲ್ಲಿ 1:1 ಕೂಡ ಇದ್ದಿದ್ದರೆ ಈ ದಾರಿ ಮುಚ್ಚಿಹೋಗುತ್ತಿತ್ತು. ಆಗ ಊಹಿಸಬಾರದು, ಇನ್ನೊಂದು ಫೋಟೋ ಕೇಳಲೇಬೇಕು.

ಅವಳ ಮುಂದಿನ ಪ್ರಶ್ನೆ ನನಗೆ ತುಂಬ ಹಿಡಿಸಿತು. "ಅಗ್ಗದ ಅಕ್ಕಿಗೆ ದುಬಾರಿ ಅಕ್ಕಿಯ ವ್ಯತ್ಯಾಸವನ್ನು ಯಾಕೆ ಬರೆಯೋದು? ಅದರದ್ದು ಅದಕ್ಕೇ ಬರೆಯಬೇಕಲ್ವಾ?" ಅಡ್ಡಗೆರೆ ಹಾಕಿ ಕಳೆಯುವ ಚಿತ್ರವನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯ ಗಡಿಬಿಡಿಯಲ್ಲಿ ಅದೇ ತಿರುವುಮುರುವಾಗುತ್ತದೆ. ಆಯ್ಕೆಯಲ್ಲಿ 4:3 ಇಟ್ಟಿರುವುದು ಅದಕ್ಕೇ.

ನಾನು ಬೆಳೆದದ್ದು ಅಪ್ಪನ ದಿನಸಿ ಅಂಗಡಿಯಲ್ಲಿ, ಹಾಗಾಗಿ ಅಂಗಡಿಯ ಮಾತಿನಲ್ಲೇ ಹೇಳಿದೆ. ಮೂಟೆಯ ಅಕ್ಕಿಗೆ ಸರಾಸರಿ 50 ಬೀಳಬೇಕು. 42ರ ಅಕ್ಕಿಯನ್ನು ಒಂದು ಕಿಲೋ ಸುರಿದಾಗೆಲ್ಲ ನಿನಗೆ 8 ರೂಪಾಯಿ ಉಳಿಯುತ್ತದೆ. 56ರ ಅಕ್ಕಿಯನ್ನು ಒಂದು ಕಿಲೋ ಸುರಿದಾಗೆಲ್ಲ 6 ರೂಪಾಯಿ ಕೈಬಿಡುತ್ತದೆ. ಉಳಿದದ್ದೂ ಹೋದದ್ದೂ ಸಮವಾಗಬೇಕು. ಮೂರು ಕಿಲೋ ಅಗ್ಗದ್ದು ಸುರಿದರೆ 24 ಉಳಿಯಿತು, ನಾಲ್ಕು ಕಿಲೋ ದುಬಾರಿಯದು ಸುರಿದರೆ 24 ಹೋಯಿತು. ಕಿಲೋಗೆ ಕಡಿಮೆ ಕಳೆಯುವ ಅಕ್ಕಿಯನ್ನು ಹೆಚ್ಚು ಸುರಿಯಬೇಕಾಗುತ್ತದೆ, ಅದಕ್ಕೇ ಅಂಕಿಗಳು ಅಡ್ಡಡ್ಡ ಹೋಗುವುದು. ತಿರುವುಮುರುವಾಗಿದೆಯೋ ಎಂದು ನೋಡಲು ಒಂದೇ ನೋಟ ಸಾಕು: 50ಕ್ಕೆ ಹತ್ತಿರ ಇರುವುದು 56, ಆದ್ದರಿಂದ ಅದೇ ಹೆಚ್ಚಿರಬೇಕು. 4:3ರಲ್ಲಿ ಅಗ್ಗದ್ದು ಹೆಚ್ಚಿದೆ, ಅಲ್ಲಿಗೆ ಆ ಆಯ್ಕೆ ಬಿತ್ತು.

ಕೊನೆಗೆ ಚೀಟಿ. ಮಿಶ್ರಣದ ಉತ್ತರವನ್ನು ಅಂಗಡಿಯ ಚೀಟಿಯಂತೆ ಬರೆಯದೆ ನಾನು ಒಪ್ಪುವುದಿಲ್ಲ.

```
3 ಕೆ.ಜಿ. × 42 = 126
4 ಕೆ.ಜಿ. × 56 = 224
7 ಕೆ.ಜಿ. ಅಸಲು = 350
7 ಕೆ.ಜಿ. × 55 = 385
ಲಾಭ = 35
```

350ಕ್ಕೆ 35, ಅಂದರೆ ಶೇ. 10. ಇದಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. ಅನುಪಾತ ತಪ್ಪಿದ್ದರೆ ಇಲ್ಲಿ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. 4:3 ಹಾಕಿ ನೋಡಲು ಹೇಳಿದೆ: ಅಸಲು 336, ಲಾಭ 49, ಶೇ. 14ರ ಮೇಲೆ.

ಎರಡು ಎಚ್ಚರಗಳನ್ನು ಅವತ್ತೇ ಹೇಳಿದೆ. ಮಿಶ್ರಣದ ಅಸಲು ಎರಡು ಬೆಲೆಗಳ ನಡುವೆಯೇ ಬೀಳಬೇಕು. ಅಸಲು ತೆಗೆಯುವುದನ್ನು ಮರೆತು 55ನ್ನೇ ಸರಾಸರಿ ಎಂದು ಹಿಡಿದು, ಎರಡನೇ ಅಕ್ಕಿ 53 ಎಂದು ಓದಿದ್ದರೆ, 42 ಮತ್ತು 53 ಬೆರೆಸಿ 55 ಮಾಡಲು ಹೊರಟಂತೆ ಆಗುತ್ತಿತ್ತು. ಅದು ಯಾವ ಅಂಗಡಿಯಲ್ಲೂ ಆಗದ ಕೆಲಸ. ಇನ್ನೊಂದು, ಈ 3:4 ತೂಕದ ಅನುಪಾತ, ಯಾಕೆಂದರೆ ಬೆಲೆ ಕೆ.ಜಿ. ಲೆಕ್ಕದ್ದು. ಮನೆಯಲ್ಲಿ ಸೇರಿನಲ್ಲಿ ಅಳೆದು ಬೆರೆಸಿದರೆ ಇದೇ ಅನುಪಾತ ಕೂಡುತ್ತದೆ ಎನ್ನಲಾಗದು. ಸಣ್ಣಕ್ಕಿಯೂ ದಪ್ಪಕ್ಕಿಯೂ ಒಂದೇ ಸೇರಿನಲ್ಲಿ ಒಂದೇ ತೂಕ ತುಂಬುವುದಿಲ್ಲ.

ಮರುದಿನ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಾಗ ಅವಳು ಜಗಲಿಯಲ್ಲಿ ಕೂತು, ಹಾಳೆಯನ್ನು ಬೆರಳಿನಿಂದ ಚಪ್ಪಟೆಯಾಗಿ ಒತ್ತಿ ಹಿಡಿದು ಅದೇ ಪುಟದ ಫೋಟೋ ಮತ್ತೆ ಕಳಿಸಿದಳು. 56, ಸ್ಪಷ್ಟವಾಗಿ. ಅದರ ಕೆಳಗಿನ ಲೆಕ್ಕದಲ್ಲಿ ಲಾಭದ ಬದಲು ನಷ್ಟ ಇತ್ತು: ಅದೇ ಎರಡು ಅಕ್ಕಿ, ಮಾರಾಟ 45, ಶೇ. 10 ನಷ್ಟ. ಹತ್ತು ನಿಮಿಷಕ್ಕೆ ಉತ್ತರವೂ ಬಂತು. "ಅಕ್ಕಾ, 90ಕ್ಕೆ 100 ಆದರೆ 45ಕ್ಕೆ 50. ಅಲ್ಲಿಂದ ಮುಂದೆ ನಿನ್ನೆಯದೇ. ಚೀಟಿಯೂ ಬರೆದೆ, 350 ಹಾಕಿ 315 ಬಂತು, 35 ಹೋಯ್ತು."