ಹಳೆ ತಪ್ಪನ್ನು ಆರಂಭದ ರಿಸರ್ವ್‌ನಲ್ಲಿ ತಿದ್ದಿದ್ದೇಕೆ? ಬೋರ್ಡ್‌ಗೆ ಮೆಮೊ ಬರೆಯುವುದು ಹೀಗೆ

"ನಷ್ಟವನ್ನು ಲಾಭ-ನಷ್ಟ ಪಟ್ಟಿಗೆ ತರದೆ ರಿಸರ್ವ್‌ನಲ್ಲೇ ಮುಗಿಸಿಬಿಟ್ಟಿದ್ದೀರಲ್ಲ, ಯಾಕೆ?"

ಹಳೆ ವರ್ಷದ ತಪ್ಪನ್ನು ಆರಂಭದ ರಿಸರ್ವ್‌ನಲ್ಲಿ ತಿದ್ದಿದ ಕಂಪನಿಯ ಬೋರ್ಡ್ ಸಭೆಯಲ್ಲಿ ಯಾರಾದರೂ ಒಬ್ಬ ನಿರ್ದೇಶಕರು ಇದನ್ನು ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಮೆಮೊದಲ್ಲಿ ಮೊದಲೇ ಇದ್ದರೆ ಸಭೆ ಹತ್ತು ನಿಮಿಷದಲ್ಲಿ ಮುಂದಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಆಡಿಟರ್‌ಗೆ ಫೋನ್ ಹೋಗುತ್ತದೆ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಒಂದು ಕಂಪನಿ. ಲಿಸ್ಟೆಡ್ ಕಂಪನಿಯೊಂದರ ಅಂಗಸಂಸ್ಥೆ, ಹಾಗಾಗಿ ಇಂಡ್ ಎಎಸ್ ಅನ್ವಯಿಸುತ್ತದೆ. 2022ರ ಅಕ್ಟೋಬರ್ 1ರಂದು ಕಾರ್ಖಾನೆ ಶೆಡ್‌ನ ಸೋರಿಕೆ ಮುಚ್ಚಿ, ನೆಲದ ಬಿರುಕು ತುಂಬಿ, ಬಣ್ಣ ಬಳಿಸಿದ ಕೆಲಸ ಮುಗಿಯಿತು. ಖರ್ಚು ₹120 ಲಕ್ಷ. ಇದು ರಿಪೇರಿ. ಆದರೆ ಪುಸ್ತಕದಲ್ಲಿ ಕಟ್ಟಡದ ಆಸ್ತಿ ಎಂದು ಸೇರಿತು. ವರ್ಷಕ್ಕೆ ₹12 ಲಕ್ಷದಂತೆ ಹತ್ತು ವರ್ಷದ ಸವಕಳಿ ಶುರುವಾಯಿತು. ವಿಷಯ ಗೊತ್ತಾಗಿದ್ದು 2024-25ರ ಲೆಕ್ಕ ಮುಗಿಸುವಾಗ. ಆಸ್ತಿ ರಿಜಿಸ್ಟರ್ ಹಿಡಿದು ಒಬ್ಬರು "ಈ ಆಸ್ತಿ ಎಲ್ಲಿದೆ, ತೋರಿಸಿ" ಎಂದರು. ತೋರಿಸಲು ಗೋಡೆಯ ಬಣ್ಣ ಮಾತ್ರ ಇತ್ತು.

ಮೊದಲು: ಇದು ತಪ್ಪೋ, ಅಂದಾಜಿನ ಬದಲಾವಣೆಯೋ?

ಮೆಮೊದ ಮೊದಲ ಪ್ಯಾರಾ ಇದನ್ನೇ ತೀರ್ಮಾನಿಸಬೇಕು. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಅಂದಾಜು ಬದಲಾದರೆ ಅದರ ಪರಿಣಾಮ ಈ ವರ್ಷ ಮತ್ತು ಮುಂದಿನ ವರ್ಷಗಳಿಗೆ ಹೋಗುತ್ತದೆ. ಹಿಂದಿನದನ್ನು ಮುಟ್ಟುವುದಿಲ್ಲ. ತಪ್ಪಾದರೆ, ಅದೂ ಗಣನೀಯ ತಪ್ಪಾದರೆ, ಇಂಡ್ ಎಎಸ್ 8ರ ಪ್ರಕಾರ ಹಿಂದಕ್ಕೆ ಹೋಗಿಯೇ ತಿದ್ದಬೇಕು.

ಇದನ್ನು ನೋಡಲು ಒಂದೇ ಪ್ರಶ್ನೆ ಸಾಕು. ಆ ವರ್ಷದ ಲೆಕ್ಕಪತ್ರಕ್ಕೆ ಬೋರ್ಡ್ ಒಪ್ಪಿಗೆ ಕೊಟ್ಟ ದಿನ ಈ ಮಾಹಿತಿ ಕೈಯಲ್ಲಿತ್ತಾ, ಅಥವಾ ಕೇಳಿದ್ದರೆ ಸಿಗುತ್ತಿತ್ತಾ? ನಮ್ಮ ಉದಾಹರಣೆಯಲ್ಲಿ ಗುತ್ತಿಗೆದಾರರ ಬಿಲ್‌ನಲ್ಲೇ 'ಬಣ್ಣ, ಸೋರಿಕೆ ದುರಸ್ತಿ' ಎಂದು ಬರೆದಿತ್ತು. ಆಮೇಲೆ ಹೊಸದಾಗಿ ತಿಳಿದದ್ದು ಏನೂ ಇಲ್ಲ. ಹಾಗಾಗಿ ಇದು ತಪ್ಪು. ಬದಲಿಗೆ, ನಿಜವಾದ ಯಂತ್ರವೊಂದು ಹತ್ತು ವರ್ಷ ಬಾಳುತ್ತದೆ ಅಂದುಕೊಂಡಿದ್ದು, ಈಗ ಆರೇ ವರ್ಷ ಅನ್ನಿಸಿದರೆ ಅದು ಅಂದಾಜು.

ಇಲ್ಲಿ ಕೆಲಸದ ಆದೇಶ ಮತ್ತು ಬಿಲ್‌ನ ಸಾಲುಗಳನ್ನು ಮೆಮೊಗೆ ಲಗತ್ತಿಸಿ. ರಿಪೇರಿಯಂತೆ ಕಾಣುವ ಎಲ್ಲವೂ ರಿಪೇರಿಯಲ್ಲ. ಕುಲುಮೆಯ ಒಳಪದರವನ್ನು ಇಷ್ಟು ಗಂಟೆ ಓಡಿದ ಮೇಲೆ ಪೂರ್ತಿ ಬದಲಿಸುವ ಖರ್ಚು ನಿಜಕ್ಕೂ ಆಸ್ತಿಗೆ ಸೇರಬಹುದು. ಬೋರ್ಡ್‌ನಲ್ಲಿ ಒಬ್ಬ ಇಂಜಿನಿಯರ್ ಇದ್ದರೆ ಈ ಮಾತು ಖಂಡಿತ ಬರುತ್ತದೆ.

ಎರಡನೆಯದು: ಗಣನೀಯವೇ?

2022-23ರಲ್ಲಿ ತೋರಿಸಿದ ತೆರಿಗೆಪೂರ್ವ ಲಾಭ ₹410 ಲಕ್ಷ ಎಂದಿಟ್ಟುಕೊಳ್ಳಿ. ರಿಪೇರಿ ₹120 ಲಕ್ಷ ಖರ್ಚಿಗೆ ಬರಬೇಕಿತ್ತು. ಆ ಅರ್ಧ ವರ್ಷದ ಸವಕಳಿ ₹6 ಲಕ್ಷ ಬರಬಾರದಿತ್ತು. ಅಂದರೆ ಲಾಭ ₹114 ಲಕ್ಷ ಜಾಸ್ತಿ ಕಂಡಿದೆ. ನಿಜವಾದ ಲಾಭ ₹296 ಲಕ್ಷ. ಕಾಲು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ. ಇದು ಗಣನೀಯವಲ್ಲ ಎಂದು ವಾದಿಸಲು ಯಾವ ಆಡಿಟರೂ ನಿಮ್ಮ ಜೊತೆ ನಿಲ್ಲುವುದಿಲ್ಲ. ಇದೇ ತಪ್ಪು ₹3 ಲಕ್ಷದ್ದಾಗಿದ್ದರೆ ಈ ವರ್ಷದ ಖರ್ಚಿಗೇ ಹಾಕಿ ಮುಗಿಸಬಹುದಿತ್ತು, ಮೆಮೊ ಬೇಕಿರಲಿಲ್ಲ.

ಮೂರನೆಯದು: ರಿಸರ್ವ್ ಯಾಕೆ?

ಇದೇ ಮೆಮೊದ ಹೊಟ್ಟೆ. ನಿರ್ದೇಶಕರ ಅನುಮಾನಕ್ಕೆ ನೇರವಾಗಿ ಉತ್ತರ ಕೊಡಿ.

ವರ್ಷ ಮುಗಿದ ಮೇಲೆ ಲಾಭ ಎಲ್ಲಿಗೆ ಹೋಗುತ್ತದೆ? ರಿಸರ್ವ್‌ಗೆ. 2022-23ರ ಇಲ್ಲದ ಲಾಭವೂ ಅಲ್ಲಿಗೇ ಹೋಗಿ ಕೂತಿದೆ. ತೆಗೆಯಬೇಕಾದದ್ದು ಅದು ಕೂತಿರುವ ಜಾಗದಿಂದ. ಈ ವರ್ಷದ ವರದಿಯಲ್ಲಿ ಎರಡೇ ಲಾಭ-ನಷ್ಟ ಪಟ್ಟಿ ಇರುತ್ತವೆ: 2024-25 ಮತ್ತು ಹೋಲಿಕೆಗೆ 2023-24. ತಪ್ಪು ನಡೆದ 2022-23ರ ಪಟ್ಟಿ ಅಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಅದರ ಪರಿಣಾಮವನ್ನು ಹೋಲಿಕೆ ವರ್ಷದ ಬಾಗಿಲಲ್ಲೇ, ಅಂದರೆ 2023ರ ಏಪ್ರಿಲ್ 1ರ ಆರಂಭದ ರಿಸರ್ವ್‌ನಲ್ಲಿ ತಿದ್ದಬೇಕು. ಈ ವರ್ಷದ ಖರ್ಚಿಗೆ ಹಾಕಿದರೆ ಏನಾಗುತ್ತದೆ? 2022ರಲ್ಲಿ ಬಳಿದ ಬಣ್ಣಕ್ಕೆ 2024-25ರ ತಂಡ ಲೆಕ್ಕ ಕೊಡಬೇಕಾಗುತ್ತದೆ. ಎರಡೂ ವರ್ಷದ ಲಾಭ ಸುಳ್ಳಾಗುತ್ತದೆ.

ಹಿರಿಯ ನಿರ್ದೇಶಕರು "ಮೊದಲೆಲ್ಲ ಇದನ್ನು ತಪ್ಪು ಗೊತ್ತಾದ ವರ್ಷದ ಲಾಭ-ನಷ್ಟದಲ್ಲೇ ಬೇರೆ ಸಾಲಾಗಿ ತೋರಿಸುತ್ತಿದ್ದೆವು" ಎನ್ನಬಹುದು. ಅವರು ಹೇಳುವುದು ಸರಿ. ಹಳೆಯ ಎಎಸ್ 5ರಲ್ಲಿ ನಿಯಮ ಹಾಗೆಯೇ ಇದೆ. ಇಂಡ್ ಎಎಸ್ ಅನ್ವಯಿಸದ ಕಂಪನಿಗಳು ಈಗಲೂ ಅದನ್ನೇ ಪಾಲಿಸುತ್ತವೆ. ಈ ವ್ಯತ್ಯಾಸಕ್ಕೆ ಮೆಮೊದಲ್ಲಿ ಎರಡು ವಾಕ್ಯ ಕೊಡಿ. ಇಲ್ಲದಿದ್ದರೆ ನೀವು ಹೊಸದೇನೋ ಕಂಡುಹಿಡಿದಿದ್ದೀರಿ ಎಂದು ಅವರು ಅಂದುಕೊಳ್ಳುತ್ತಾರೆ.

ನಾಲ್ಕನೆಯದು: ಅಂಕಿ, ತೆರಿಗೆ ಸಮೇತ

ಸುಮಾರು ಮೆಮೊಗಳು ಎಡವುವುದು ಇಲ್ಲಿ. ಪೂರ್ತಿ ₹114 ಲಕ್ಷ ರಿಸರ್ವ್‌ನಿಂದ ಹೋಗುವುದಿಲ್ಲ.

ನಮ್ಮ ಕಂಪನಿ ಆದಾಯ ತೆರಿಗೆ ರಿಟರ್ನ್‌ನಲ್ಲಿ ಈ ಖರ್ಚನ್ನು ರಿಪೇರಿ ಎಂದೇ ತೋರಿಸಿ, ಅದೇ ವರ್ಷ ಪೂರ್ತಿ ಕಳೆದುಕೊಂಡಿತ್ತು. ಪುಸ್ತಕದಲ್ಲಿ ಆಸ್ತಿ, ರಿಟರ್ನ್‌ನಲ್ಲಿ ಖರ್ಚು. ಈ ವ್ಯತ್ಯಾಸಕ್ಕೆ ಮುಂದೂಡಿದ ತೆರಿಗೆ ಹೊಣೆ ಕಟ್ಟಿಟ್ಟಿದ್ದರು. ಲೆಕ್ಕ ಸುಲಭವಾಗಲಿ ಎಂದು ದರ 25% ಎನ್ನೋಣ. ಆಗ ಆ ಹೊಣೆ ₹28.5 ಲಕ್ಷ. ಆಸ್ತಿ ಹೋದರೆ ಈ ಹೊಣೆಯೂ ಹೋಗಬೇಕು. ಆದ್ದರಿಂದ 2023ರ ಏಪ್ರಿಲ್ 1ಕ್ಕೆ ರಿಸರ್ವ್ ಇಳಿಯುವುದು 114ರಿಂದ 28.5 ಕಳೆದು ₹85.5 ಲಕ್ಷ. ರಿಟರ್ನ್‌ನಲ್ಲೂ ಆಸ್ತಿ ಎಂದೇ ತೋರಿಸಿದ್ದರೆ ಕಥೆ ಬೇರೆ. ಆಗ ರಿಟರ್ನ್ ತಿದ್ದಲು ಅವಕಾಶ ಉಳಿದಿದೆಯೇ ಎಂದು ತೆರಿಗೆ ಸಲಹೆಗಾರರು ಹೇಳುವವರೆಗೆ ತೆರಿಗೆಯ ಸಾಲನ್ನು ತುಂಬಬೇಡಿ.

ಇನ್ನು 2023-24. ಆ ವರ್ಷ ಹಾಕಬಾರದಿದ್ದ ಸವಕಳಿ ₹12 ಲಕ್ಷ ವಾಪಸ್ ಬರುತ್ತದೆ. ತೆರಿಗೆ ₹3 ಲಕ್ಷ ಹೆಚ್ಚುತ್ತದೆ. ಲಾಭ ₹9 ಲಕ್ಷ ಏರುತ್ತದೆ. ಹೌದು, ಏರುತ್ತದೆ. ತಪ್ಪು ತಿದ್ದಿದರೆ ಲಾಭ ಯಾವಾಗಲೂ ಇಳಿಯುತ್ತದೆ ಎಂದು ನಂಬಿರುವ ಬೋರ್ಡ್‌ಗೆ ಇದನ್ನು ಬಿಡಿಸಿ ಹೇಳಬೇಕು. ಹೀಗೆ 2024ರ ಮಾರ್ಚ್ 31ರ ಹೊತ್ತಿಗೆ ರಿಸರ್ವ್‌ನಲ್ಲಿ ಉಳಿಯುವ ಕಡಿತ ₹76.5 ಲಕ್ಷ.

ಈಗ ಲೆಕ್ಕ ವಿಭಾಗದವರಿಗೆ ಒಂದು ಮಾತು. ಮುಚ್ಚಿದ ವರ್ಷಗಳನ್ನು ಸಾಫ್ಟ್‌ವೇರ್‌ನಲ್ಲಿ ತೆರೆಯುವುದಿಲ್ಲ. ಹಾಗಾಗಿ ಪುಸ್ತಕದ ನಮೂದು 2024ರ ಏಪ್ರಿಲ್ 1ರ ದಿನಾಂಕಕ್ಕೆ ಬೀಳುತ್ತದೆ:

- ರಿಸರ್ವ್ ಡೆಬಿಟ್ ₹76.5 ಲಕ್ಷ
- ಮುಂದೂಡಿದ ತೆರಿಗೆ ಹೊಣೆ ಡೆಬಿಟ್ ₹25.5 ಲಕ್ಷ
- ಕಟ್ಟಡ (ಸವಕಳಿ ಕಳೆದು) ಕ್ರೆಡಿಟ್ ₹102 ಲಕ್ಷ

ಆದರೆ ವರದಿಯಲ್ಲಿ ಕಾಣುವ ಮೊದಲ ತಿದ್ದುಪಡಿ ₹85.5 ಲಕ್ಷ, ದಿನಾಂಕ 2023ರ ಏಪ್ರಿಲ್ 1. ಪುಸ್ತಕದ 76.5 ಮತ್ತು ವರದಿಯ 85.5 ಯಾಕೆ ಹೊಂದುತ್ತಿಲ್ಲ ಎಂದು ಯಾರಾದರೂ ಮಧ್ಯರಾತ್ರಿ ತಲೆ ಕೆಡಿಸಿಕೊಳ್ಳುತ್ತಾರೆ. ನಡುವಿನ 9 ಲಕ್ಷ 2023-24ರ ಲಾಭ, ಅಷ್ಟೇ. ಈ ಹೊಂದಾಣಿಕೆಯನ್ನು ಮೆಮೊದ ಅನುಬಂಧದಲ್ಲಿ ಇಡಿ. 2024-25ರಲ್ಲಿ ಆ ಆಸ್ತಿಗೆ ತಿಂಗಳು ತಿಂಗಳು ಬಿದ್ದ ಸವಕಳಿಯನ್ನೂ ವಾಪಸ್ ತೆಗೆಯಲು ಮರೆಯಬೇಡಿ. ರಿಜಿಸ್ಟರ್‌ನಲ್ಲಿ ಆ ಸಾಲು ಉಳಿದುಕೊಂಡರೆ ಮುಂದಿನ ವರ್ಷ ಅದು ತಾನಾಗಿಯೇ ಮತ್ತೆ ಓಡುತ್ತದೆ.

ಐದನೆಯದು: ವರದಿಯಲ್ಲಿ ಏನೇನು ಬದಲಾಗುತ್ತದೆ

ಬೋರ್ಡ್ ಸಹಿ ಹಾಕುವ ಕಡತದಲ್ಲಿ ಈ ಸಲ ಮೂರು ಬ್ಯಾಲೆನ್ಸ್ ಶೀಟ್ ಇರುತ್ತವೆ. ಮೂರನೆಯದು 2023ರ ಏಪ್ರಿಲ್ 1ರದ್ದು. ತಿದ್ದುಪಡಿ ಆ ದಿನದ ಅಂಕಿಗಳನ್ನು ಗಣನೀಯವಾಗಿ ಬದಲಿಸಿದರೆ ಇಂಡ್ ಎಎಸ್ 1 ಅದನ್ನು ಕೇಳುತ್ತದೆ. ಈಕ್ವಿಟಿ ಬದಲಾವಣೆಯ ಪಟ್ಟಿಯಲ್ಲಿ ಹಿಂದಿನ ಅವಧಿಯ ತಪ್ಪಿಗೆ ಶೆಡ್ಯೂಲ್ 3ರಲ್ಲೇ ಜಾಗವಿದೆ. ಟಿಪ್ಪಣಿಯಲ್ಲಿ ತಪ್ಪು ಯಾವ ಬಗೆಯದು, ಯಾವ ಸಾಲು ಎಷ್ಟು ಬದಲಾಯಿತು, ಪ್ರತಿ ಷೇರಿನ ಗಳಿಕೆ ಎಷ್ಟು ಬದಲಾಯಿತು ಎಂದು ಬರೆಯಬೇಕು. 50 ಲಕ್ಷ ಷೇರು ಇದ್ದರೆ 2023-24ರ ಗಳಿಕೆ ಷೇರಿಗೆ 18 ಪೈಸೆ ಏರುತ್ತದೆ.

"ಹಾಗಾದರೆ ಟ್ರಿಬ್ಯೂನಲ್‌ಗೆ ಹೋಗಬೇಕಾ?" ಎಂಬ ಪ್ರಶ್ನೆಯೂ ಬರುತ್ತದೆ. ಕಂಪನಿ ಕಾಯ್ದೆಯ 131ನೇ ಸೆಕ್ಷನ್ ಹಳೆ ವರ್ಷದ ಲೆಕ್ಕಪತ್ರವನ್ನೇ ತಿದ್ದಿ ಮತ್ತೆ ಹೊರಡಿಸುವುದರ ಬಗ್ಗೆ. ಅದಕ್ಕೆ ಟ್ರಿಬ್ಯೂನಲ್ ಒಪ್ಪಿಗೆ ಬೇಕು. ಇಲ್ಲಿ ನಾವು ಹಳೆಯದನ್ನು ಮುಟ್ಟುತ್ತಿಲ್ಲ. ಈ ವರ್ಷದ ವರದಿಯ ಹೋಲಿಕೆ ಕಾಲಂಗಳು ಬದಲಾಗುತ್ತಿವೆ.

ಆರನೆಯದು: ಯಾರೂ ಬರೆಯಲು ಇಷ್ಟಪಡದ ಪ್ಯಾರಾ

ತಪ್ಪು ಹೇಗಾಯಿತು? 'ಸಿಸ್ಟಂ ದೋಷ' ಎಂದು ಬರೆದು ಜಾರಿಕೊಳ್ಳುವುದು ನಮ್ಮಲ್ಲಿ ರೂಢಿ. ನಮ್ಮ ಉದಾಹರಣೆಯಲ್ಲಿ ರಿಪೇರಿ ಬಜೆಟ್ ಮುಗಿದಿತ್ತು, ಬಂಡವಾಳ ಬಜೆಟ್‌ನಲ್ಲಿ ಹಣ ಉಳಿದಿತ್ತು. ಬಿಲ್ ಆ ಕಡೆ ಹೋಯಿತು. ಇದು ಗೊತ್ತಿದ್ದೂ ಮಾಡಿದ್ದೋ, ಸುಮ್ನೆ ಕೋಡ್ ತಪ್ಪಿ ಹಾಕಿದ್ದೋ ಎಂದು ವಿಚಾರಿಸಿ, ಸಿಕ್ಕಿದ್ದನ್ನು ಹಾಗೇ ಬರೆಯಿರಿ. ಆಂತರಿಕ ನಿಯಂತ್ರಣದ ಬಗ್ಗೆ ಅಭಿಪ್ರಾಯ ಕೊಡಬೇಕಾದ ಆಡಿಟರ್ ಇದನ್ನು ಹೇಗೂ ಕೇಳುತ್ತಾರೆ.

2022-23ರ ಲಾಭದ ಮೇಲೆ ಏನೆಲ್ಲ ನಿಂತಿತ್ತು ಎಂಬುದೂ ಇಲ್ಲೇ ಬರಲಿ. ಮುಖ್ಯವಾಗಿ ಎರಡು. ಸಾಲ ಕೊಟ್ಟ ಬ್ಯಾಂಕಿಗೆ ಕೊಟ್ಟ ಪ್ರಮಾಣಪತ್ರದ ಅನುಪಾತಗಳು ಹೊಸ ಅಂಕಿಯಲ್ಲೂ ಷರತ್ತಿನೊಳಗೆ ಇವೆಯೇ? ವ್ಯವಸ್ಥಾಪಕ ನಿರ್ದೇಶಕರಿಗೆ ಲಾಭದ ಮೇಲೆ ಕಮಿಷನ್ ಕೊಟ್ಟಿದ್ದರೆ ಅದು ಜಾಸ್ತಿಯಾಯಿತೇ? ಮಿತಿ ಮೀರಿ ಕೊಟ್ಟ ಸಂಭಾವನೆ ವಾಪಸ್ ಬರಬೇಕು ಎಂದು 197ನೇ ಸೆಕ್ಷನ್ ಹೇಳುತ್ತದೆ. ಮೇಜಿನ ಸುತ್ತ ಕೂತವರಲ್ಲೇ ಒಬ್ಬರ ವಿಷಯವಾದ್ದರಿಂದ ಇದನ್ನು ಅಂಕಿಯಲ್ಲೇ ಹೇಳಿ, ವಿಶೇಷಣ ಬೇಡ.

ಕೊನೆಗೆ, ಮೆಮೊದ ತಲೆಯಲ್ಲಿ ಇಡಬಹುದಾದ ಪ್ಯಾರಾ ಹೀಗಿರಬಹುದು:

"2022-23ರಲ್ಲಿ ₹120 ಲಕ್ಷದ ಶೆಡ್ ರಿಪೇರಿಯನ್ನು ತಪ್ಪಾಗಿ ಆಸ್ತಿಗೆ ಸೇರಿಸಲಾಗಿತ್ತು. ಬಿಲ್ ಆಗಲೇ ನಮ್ಮ ಬಳಿ ಇದ್ದುದರಿಂದ ಇದು ಹಿಂದಿನ ಅವಧಿಯ ತಪ್ಪು, ಅಂದಾಜಿನ ಬದಲಾವಣೆ ಅಲ್ಲ. ಇಂಡ್ ಎಎಸ್ 8ರಂತೆ 1-4-2023ರ ಆರಂಭದ ರಿಸರ್ವ್ ಅನ್ನು ₹85.5 ಲಕ್ಷ ಇಳಿಸಲಾಗಿದೆ. 2023-24ರ ಲಾಭ ₹9 ಲಕ್ಷ ಏರಿದೆ. 2024-25ರ ಲಾಭಕ್ಕೆ ಹಳೆ ಖರ್ಚು ಯಾವುದೂ ಸೇರಿಲ್ಲ. ಈ ತಿದ್ದುಪಡಿಯಿಂದ ನಗದಿನ ಮೊತ್ತ ಬದಲಾಗಿಲ್ಲ."

ಕೊನೆಯ ವಾಕ್ಯದ ಬಗ್ಗೆ ಒಂದು ಎಚ್ಚರಿಕೆ. ಬ್ಯಾಂಕಿನಲ್ಲಿ ಹಣ ಬದಲಾಗಿಲ್ಲ, ನಿಜ. ಆದರೆ 2022-23ರ ನಗದು ಹರಿವಿನ ಪಟ್ಟಿಯಲ್ಲಿ ಆ ₹120 ಲಕ್ಷ ಹೂಡಿಕೆಯ ಸಾಲಿನಲ್ಲಿ ಕೂತಿತ್ತು, ಕಾರ್ಯಾಚರಣೆಯ ಸಾಲಿನಲ್ಲಿ ಕೂರಬೇಕಿತ್ತು. ಆ ಪಟ್ಟಿ ಈ ವರ್ಷದ ವರದಿಯಲ್ಲಿ ಇಲ್ಲದ್ದರಿಂದ ಬಚಾವ್. ತಪ್ಪು 2023-24ರಲ್ಲೇ ಆಗಿದ್ದರೆ ಅದನ್ನೂ ತಿದ್ದಬೇಕಿತ್ತು.