1 + 1/2 + 1/3 + … ಹತ್ತು ದಾಟುವುದು ಎಷ್ಟನೇ ಪದಕ್ಕೆ?

ದ್ವಿತೀಯ ಪಿಯುಸಿ ಮಕ್ಕಳಿಗೆ ಅನುಕಲನ ಮುಗಿಸಿದ್ದೆ. ಹರಾತ್ಮಕ ಶ್ರೇಣಿಯ ಮೊತ್ತ ಎಷ್ಟೇ ನಿಧಾನವಾಗಿ ಬೆಳೆದರೂ ಯಾವ ಸಂಖ್ಯೆಯನ್ನು ಬೇಕಾದರೂ ದಾಟುತ್ತದೆ ಎಂದು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ಹಾಗಾದ್ರೆ ಹತ್ತು ದಾಟೋಕೆ ಎಷ್ಟು ಪದ ಬೇಕು?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆ ಹೇಳ್ತೀನಿ ಅಂದೆ. ಸಂಜೆ ಮನೆಯಲ್ಲಿ ಗ್ರಾಫ್ ಹಾಳೆ ಮತ್ತು ಸೈಂಟಿಫಿಕ್ ಕ್ಯಾಲ್ಕುಲೇಟರ್ ಹಿಡಿದು ಕೂತೆ.

ಮೊದಲು `y = 1/x` ರೇಖೆ ಎಳೆದೆ. ಅದು ಬಲಕ್ಕೆ ಹೋದಂತೆ ಇಳಿಯುತ್ತಲೇ ಹೋಗುತ್ತದೆ. `1/k` ಅನ್ನುವುದನ್ನು ಒಂದು ಅಗಲ, `1/k` ಎತ್ತರದ ಆಯತ ಅಂದುಕೊಳ್ಳಿ. ಅದನ್ನು `k` ಯಿಂದ ಬಲಕ್ಕೆ ನಿಲ್ಲಿಸಿದರೆ ಆಯತದ ತಲೆ ರೇಖೆಗಿಂತ ಮೇಲಿರುತ್ತದೆ. ಎಡಕ್ಕೆ ನಿಲ್ಲಿಸಿದರೆ ರೇಖೆಯ ಕೆಳಗೆ ಅಡಗುತ್ತದೆ. ಉದಾಹರಣೆಗೆ `k = 2` ನೋಡಿ. 2 ರಿಂದ 3 ರವರೆಗೆ ರೇಖೆಯ ಕೆಳಗಿನ ವಿಸ್ತೀರ್ಣ 0.405, 1 ರಿಂದ 2 ರವರೆಗೆ 0.693. ನಮ್ಮ 0.5 ಇವೆರಡರ ನಡುವೆ ಇದೆ.

ಎಲ್ಲ ಆಯತಗಳನ್ನೂ ಸೇರಿಸುವಾಗ ಒಂದು ಕಡೆ ಎಡವಿದೆ. ಎಡಕ್ಕೆ ನಿಲ್ಲಿಸುವಾಗ ಮೊದಲ ಆಯತ 0 ಯಿಂದ 1 ರವರೆಗೆ ಬರುತ್ತದೆ. ಅಲ್ಲಿ `1/x` ನ ವಿಸ್ತೀರ್ಣಕ್ಕೆ ಕೊನೆಯೇ ಇಲ್ಲ, ಹಾಗಾಗಿ ಮೇಲ್ಮಿತಿಯೇ ಸಿಗಲಿಲ್ಲ. ಮೊದಲ ಪದ 1 ನ್ನು ಬೇರೆ ಇಟ್ಟು, ಎರಡನೇ ಪದದಿಂದ ಹೋಲಿಸಿದ ಮೇಲೆ ಸರಿಹೋಯಿತು. ಮೊದಲ `n` ಪದಗಳ ಮೊತ್ತವನ್ನು `H(n)` ಅಂದರೆ:

```
ln(n+1) < H(n) ≤ 1 + ln(n)
```

ಇಂಥದ್ದು ಬರೆದ ತಕ್ಷಣ `n = 2` ಹಾಕಿ ನೋಡುವುದು ನನ್ನ ಅಭ್ಯಾಸ. ಎಡಗಡೆ 1.099, ನಡುವೆ 1.5, ಬಲಗಡೆ 1.693. ಸರಿ ಇದೆ. `n` ಇರಬೇಕಾದಲ್ಲಿ `n+1` ಬರೆದಿದ್ದರೆ ಅಥವಾ ಚಿಹ್ನೆ ತಿರುಗಿದ್ದರೆ ಸಾಮಾನ್ಯವಾಗಿ ಇಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ಹತ್ತರ ಪ್ರಶ್ನೆ. ಮೇಲ್ಮಿತಿಯ ಪ್ರಕಾರ `n` ಕನಿಷ್ಠ `e^9`, ಅಂದರೆ 8104 ಆದರೂ ಆಗಬೇಕು. ಕೆಳಮಿತಿಯ ಪ್ರಕಾರ `e^10` ಹತ್ತಿರ, ಅಂದರೆ 22026 ಆದರೆ ಖಂಡಿತ ಸಾಕು. ಉತ್ತರ 8104 ಮತ್ತು 22026 ರ ನಡುವೆ ಎಲ್ಲೋ ಇದೆ! ಇದನ್ನು ತೆಗೆದುಕೊಂಡು ಹೋಗಿ ಆ ಹುಡುಗಿಗೆ ಏನು ಹೇಳಲಿ? ಎರಡು ಮಿತಿಗಳ ನಡುವಿನ ಅಂತರ ಹೆಚ್ಚುಕಡಿಮೆ 1 ಅಷ್ಟೇ. ಆದರೆ ಮೊತ್ತದಲ್ಲಿ 1 ರ ಅಂತರ ಅಂದರೆ ಪದಗಳ ಲೆಕ್ಕದಲ್ಲಿ 2.7 ಪಟ್ಟು.

ಗ್ರಾಫ್ ಹಾಳೆಯನ್ನು ಮತ್ತೆ ನೋಡಿದೆ. ಆಯತಕ್ಕೂ ರೇಖೆಗೂ ನಡುವಿನ ಖಾಲಿ ಜಾಗ ಎಲ್ಲೆಲ್ಲಿ ಜಾಸ್ತಿ ಇದೆ ಅಂತ ಪೆನ್ಸಿಲ್‌ನಲ್ಲಿ ಮಸಿ ತುಂಬುತ್ತಾ ಬಂದೆ. ಮೊದಲ ಮೂರು ನಾಲ್ಕು ಆಯತಗಳಲ್ಲೇ ಬಹುಪಾಲು ಮುಗಿಯಿತು. ಹತ್ತನೆಯದರ ಹತ್ತಿರ ಪೆನ್ಸಿಲ್ ತುದಿ ಇಡಲೂ ಜಾಗವಿಲ್ಲ. ಅಂದರೆ ತಪ್ಪೆಲ್ಲ ಶುರುವಿನಲ್ಲೇ ಇದೆ. ಹಾಗಿದ್ದರೆ ಶುರುವಿನ ಪದಗಳನ್ನು ಸುಮ್ನೆ ಕೂಡಿಬಿಟ್ಟು, ಆಮೇಲಿನದಕ್ಕೆ ಮಾತ್ರ ಅನುಕಲನ ಬಳಸಬಹುದು ಅಲ್ವಾ?

ಮೊದಲ ಹತ್ತು ಪದ ಕೂಡಿದೆ, 2.928968 ಬಂತು. ಉಳಿದ 7.071032 ಕ್ಕೆ 10 ರಿಂದ ಆಚೆಗಿನ ಆಯತಗಳನ್ನು ಹೋಲಿಸಿದೆ. ಉತ್ತರ 11774 ಮತ್ತು 12950 ರ ನಡುವೆ ಬಂತು. ಬರೀ ಹತ್ತು ಪದ ಕೂಡಿದ್ದಕ್ಕೆ ಇಷ್ಟು ಲಾಭ. ಆಮೇಲೆ ಹಟ ಹಿಡಿದು ನೂರು ಪದ ಕೂಡಿದೆ. ಒಂದೊಂದು ಸಂಖ್ಯೆಯ ವಿಲೋಮ ತೆಗೆಯುವುದು, `M+` ಒತ್ತುವುದು, ಅಷ್ಟೇ ಕೆಲಸ. `H(100)` 5.18737752 ಬಂತು. ಈಗ ಉತ್ತರ 12306 ರಿಂದ 12428 ರ ಒಳಗೆ.

ಇನ್ನೂ ನೂರಿಪ್ಪತ್ತು ಸಂಖ್ಯೆಗಳು ಉಳಿದಿದ್ದವು. ಇನ್ನಷ್ಟು ಪದ ಕೂಡುವ ಬದಲು ಆಯತಗಳನ್ನು ನಿಲ್ಲಿಸುವ ಜಾಗವನ್ನೇ ಬದಲಾಯಿಸಿದೆ. ಎಡಕ್ಕೂ ಬೇಡ, ಬಲಕ್ಕೂ ಬೇಡ, ಆಯತವನ್ನು `k` ನಡುವೆ ಬರುವಂತೆ ನಿಲ್ಲಿಸೋಣ. ಆಗ ರೇಖೆ ಒಂದು ಬದಿಯಲ್ಲಿ ತಲೆಯ ಮೇಲಿರುತ್ತದೆ, ಇನ್ನೊಂದು ಬದಿಯಲ್ಲಿ ಕೆಳಗಿರುತ್ತದೆ, ಎರಡೂ ಬಹುತೇಕ ವಜಾ ಆಗುತ್ತವೆ. ಪೂರ್ತಿ ವಜಾ ಆಗುವುದಿಲ್ಲ. `k` ನಲ್ಲಿ ರೇಖೆಗೆ ಸ್ಪರ್ಶಕ ಎಳೆದರೆ ಅದರ ಕೆಳಗಿನ ವಿಸ್ತೀರ್ಣ ಸರಿಯಾಗಿ `1/k`. `1/x` ರೇಖೆ ಬಟ್ಟಲಿನ ಹಾಗೆ ಮೇಲಕ್ಕೆ ಬಾಗಿರುವುದರಿಂದ ಸ್ಪರ್ಶಕ ಯಾವಾಗಲೂ ರೇಖೆಯ ಕೆಳಗೇ ಇರುತ್ತದೆ. ಆದ್ದರಿಂದ ರೇಖೆಯ ಕೆಳಗಿನ ವಿಸ್ತೀರ್ಣ `1/k` ಗಿಂತ ಸ್ವಲ್ಪವೇ ಜಾಸ್ತಿ. `k = 2` ಕ್ಕೆ ನೋಡಿದೆ: 1.5 ರಿಂದ 2.5 ರವರೆಗೆ 0.511. ಮೊದಲು 0.693 ಇದ್ದ ಮೇಲ್ಮಿತಿ ಇಷ್ಟು ಹತ್ತಿರ ಬಂತು.

```
H(n) < H(100) + ln((n + 0.5)/100.5)
```

ಬಲಗಡೆ 10 ಆಗಬೇಕಾದರೆ `n` ಎಷ್ಟಿರಬೇಕು ಅಂತ ಲೆಕ್ಕ ಹಾಕಿದೆ. 12372 ಬಂತು. ಖುಷಿಯಾಗಿ ಬರೆದಿಟ್ಟೆ. ಅದು ತಪ್ಪು. ಅವಸರದಲ್ಲಿ `H(100)` ಅನ್ನು 5.187 ಅಂತ ಮೂರೇ ದಶಾಂಶ ಸ್ಥಾನಕ್ಕೆ ಹಾಕಿದ್ದೆ. ಅಲ್ಲಿ ಒಂದೊಂದು ಪದದ ಬೆಲೆಯೇ ಸುಮಾರು 0.00008. ನಾನು ಬಿಟ್ಟಿದ್ದು 0.00038. ಅಂದರೆ ನಾಲ್ಕು ಪದಕ್ಕಿಂತ ಜಾಸ್ತಿಯನ್ನೇ ಕೈಬಿಟ್ಟಿದ್ದೆ. ಒಂದು ಪದವೂ ಆಚೀಚೆ ಆಗಬಾರದು ಅಂದರೆ ಕೊನೆಯ ಪದದ ಬೆಲೆಗಿಂತ ಸಾಕಷ್ಟು ಸಣ್ಣದಾಗಿ ದುಂಡಾಗಿಸಬೇಕು. ಎಂಟು ಸ್ಥಾನ ಇಟ್ಟು ಮತ್ತೆ ಹಾಕಿದಾಗ `n` 12366.42 ಕ್ಕಿಂತ ಹೆಚ್ಚಿರಬೇಕು ಎಂದು ಬಂತು. ಅಂದರೆ ಕನಿಷ್ಠ 12367.

12367 ಸಾಕೇ ಅನ್ನುವುದು ಇನ್ನೂ ಗೊತ್ತಾಗಿಲ್ಲ, ಅದಕ್ಕೆ ಕೆಳಮಿತಿ ಬೇಕು. ಇಲ್ಲಿ ಆಯತ ಬಿಟ್ಟು ತ್ರಾಪಿಜ್ಯ ತೆಗೆದುಕೊಂಡೆ. ರೇಖೆಯ ಮೇಲಿನ ಎರಡು ಅಕ್ಕಪಕ್ಕದ ಬಿಂದುಗಳನ್ನು ಸರಳರೇಖೆಯಿಂದ ಸೇರಿಸಿದರೆ ಅದು `1/x` ಗಿಂತ ಮೇಲೆ ಇರುತ್ತದೆ, ಅದೇ ಬಟ್ಟಲಿನ ಬಾಗಿನ ಕಾರಣ. 100 ರಿಂದ `n` ವರೆಗೆ ಎಲ್ಲ ತ್ರಾಪಿಜ್ಯಗಳನ್ನು ಕೂಡಿದರೆ ಎರಡು ತುದಿಯ ಪದಗಳು ಅರ್ಧರ್ಧ ಬರುತ್ತವೆ:

```
H(n) > H(100) - 1/200 + 1/(2n) + ln(n/100)
```

`n = 12367` ಹಾಕಿದೆ. 5.187378 ರಲ್ಲಿ 0.005 ಕಳೆದು, 0.000040 ಕೂಡಿ, 4.817616 ಕೂಡಿದರೆ 10.000034. ಹತ್ತು ದಾಟಿತು! ಒಂದು ಕಡೆಯಿಂದ 12366 ಸಾಲದು, ಇನ್ನೊಂದು ಕಡೆಯಿಂದ 12367 ಸಾಕು. ನೂರು ಪದ ಮಾತ್ರ ಕೂಡಿ ಹನ್ನೆರಡು ಸಾವಿರ ಪದಗಳ ಬಗ್ಗೆ ಒಂದೇ ಒಂದು ಸಂಖ್ಯೆಯನ್ನು ಖಚಿತವಾಗಿ ಹೇಳಬಹುದು ಅನ್ನುವುದು ನನಗೆ ಆ ರಾತ್ರಿ ತುಂಬಾ ಸಂತೋಷ ಕೊಟ್ಟಿತು.

ಮರುದಿನ ಬೋರ್ಡ್ ಮೇಲೆ ಪೂರ್ತಿ ಬರೆದು ತೋರಿಸಿದೆ. ಅದೇ ಹುಡುಗಿ, "ಹಾಗಾದ್ರೆ ನೂರು ದಾಟೋಕೆ ಸರ್?" ಅಂದಳು. ತರಗತಿಯಲ್ಲೇ ಎಲ್ಲರೂ ಸೇರಿ ಮಾಡಿದೆವು. ಅದೇ `H(100)`, ಅವೇ ಎರಡು ಅಸಮತೆಗಳು, 10 ರ ಜಾಗದಲ್ಲಿ 100. ಎರಡೂ ಕಡೆಯಿಂದ 1.5092 × 10^43 ವರೆಗೆ ಅಂಕಿಗಳು ಒಂದೇ ಬಂದವು, ಮುಂದಿನ ಅಂಕಿಯಿಂದ ಬೇರೆಯಾದವು. ಸರಿಯಾಗಿ ಎಷ್ಟನೇ ಪದ ಅಂತ ಹೇಳಬೇಕಾದರೆ 44 ಅಂಕಿಯ ಸಂಖ್ಯೆ ಬೇಕು. ನಮ್ಮ ಕ್ಯಾಲ್ಕುಲೇಟರ್ ಇಟ್ಟುಕೊಳ್ಳುವುದು ಹತ್ತು ಹನ್ನೆರಡು ಅಂಕಿ. ಅಷ್ಟೇ ಅಲ್ಲ, ನೂರರಿಂದ ಶುರು ಮಾಡಿದ ಹೋಲಿಕೆಯ ಬಿಗಿಯೂ ಅಲ್ಲಿಗೆ ಸಾಲುವುದಿಲ್ಲ. ಸಾವಿರ ಪದ ಕೂಡಿ ಶುರು ಮಾಡಿದರೆ ಅಂತರ ಸುಮಾರು ನೂರು ಪಟ್ಟು ಕಡಿಮೆಯಾಗುತ್ತದೆ, ಅಂದರೆ ಇನ್ನೆರಡು ಅಂಕಿ ಸಿಗುತ್ತವೆ. ಅವಳು ಅದನ್ನು ಮನೆಗೆ ತೆಗೆದುಕೊಂಡು ಹೋದಳು.